ಹತ್ತರ ಲೆಕ್ಕದಲ್ಲಿ ಹನ್ನೊಂದು ಬಂದರೆ



ಶಿಶುವಿಹಾರದ ಮಕ್ಕಳಿಗೆ ಈಗ ಕಲಿಸುತ್ತಿರುವ ಲೆಕ್ಕಗಳಲ್ಲಿ ‘ಹತ್ತರ ಜೋಡಿ’ ಎಂಬುದೊಂದುಂಟು. ಹತ್ತನ್ನು ಎರಡು ಭಾಗ ಮಾಡಿದರೆ ಒಂದು ಭಾಗಕ್ಕೆ ಇನ್ನೊಂದು ಭಾಗವಾವುದು ಎಂಬುದೇ ಅದರ ತಿರುಳು. ಏಳಕ್ಕೆ ಮೂರು, ಆರಕ್ಕೆ ನಾಲ್ಕು, ಐದಕ್ಕೆ ಐದು. ಸೊನ್ನೆ–ಹತ್ತನ್ನೂ ಸೇರಿಸಿದರೆ ಇಂಥ ಜೋಡಿಗಳು ಆರೇ ಆರು. ಹಿಂದುಮುಂದಾದುವನ್ನು ಬೇರೆಯೆಂದು ಎಣಿಸಿದರೆ ಹನ್ನೊಂದು. ಮುಂದೆ ಎಂಟಕ್ಕೆ ಐದನ್ನು ಕೂಡುವಾಗ ಮಗು ಎಂಟನ್ನು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸಿ ಹದಿಮೂರೆನ್ನುವುದು ಈ ಜೋಡಿಗಳ ಬಲದಿಂದಲೇ. ಕನ್ನಡ ನುಡಿಯೊಳಗೂ ಇಂಥದೊಂದು ಜೋಡಿ ಅಡಗಿ ಕುಳಿತಿದೆ. ‘ಒಂಬತ್ತು’ ಎಂಬ ಮಾತನ್ನು ಭಾಷಾವಿದರು ‘ಒನ್’ ಮತ್ತು ‘ಪತ್ತು’ ಎಂದು ಬಿಡಿಸಿ, ಹತ್ತಕ್ಕೆ ಒಂದು ಕಡಿಮೆಯೆಂಬ ಅರ್ಥವನ್ನು ಹೇಳುತ್ತಾರೆ. ಪತ್ತು ಎಂಬುದು ಹಳಗನ್ನಡದ ಹತ್ತು. ನಮ್ಮ ಹಿರಿಯರು ಒಂಬತ್ತೆಂದು ಉಚ್ಚರಿಸುವಾಗಲೇ ಉಳಿದ ಒಂದರ ಲೆಕ್ಕವನ್ನೂ ಒಪ್ಪಿಸುತ್ತಿದ್ದರೆಂದಾಯಿತು.

ಈ ವಿಷಯವನ್ನು ಈ ಸಂಚಿಕೆಗೆ ಎತ್ತಿಕೊಳ್ಳಲು ಕಾರಣ ರಾಣೆಬೆನ್ನೂರಿನ ಕಡೆಯ ಓದುಗ ತಾಯಿಯೊಬ್ಬರ ಪತ್ರ. ಅವರ ಮಗಳಿಗೆ ಐದು ವರ್ಷ ಮೂರು ತಿಂಗಳು. ಶಾಲೆಯಲ್ಲಿ ಕೊಟ್ಟ ಹತ್ತರ ಜೋಡಿಯ ಅಭ್ಯಾಸದ ಹಾಳೆಯಲ್ಲಿ ಆರು ಪ್ರಶ್ನೆಗಳಿದ್ದು, ಐದಕ್ಕೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿದೆ. ಮಗುವಿಗೆ ಸಂಖ್ಯೆಗಳೇ ಹತ್ತಿಲ್ಲ, ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಕೂರಲಿ ಎಂದು ಶಾಲೆಯವರು ಹೇಳಿ ಕಳುಹಿಸಿದ್ದಾರೆ. ಮನೆಯಲ್ಲಿ ಮಗುವಿನ ಅಜ್ಜ ಅದಕ್ಕೆ ಒಪ್ಪಿದ್ದಾರೆ, ತಾಯಿಗೆ ಮನಸ್ಸಿಲ್ಲ. ಹಾಳೆಯನ್ನೇ ಪತ್ರದೊಡನೆ ಇಟ್ಟು, ‘ತಾವು ನೋಡಿ ಹೇಳಿರಿ’ ಎಂದು ಕೇಳಿದ್ದಾರೆ. ಹಾಳೆಯನ್ನು ಕಳುಹಿಸಿದ್ದು ಒಳ್ಳೆಯದಾಯಿತು. ಅಂಕವನ್ನಷ್ಟೇ ತಿಳಿಸಿದ್ದರೆ ನಾವು ಹೇಳುವಂಥದು ಏನೂ ಇರುತ್ತಿರಲಿಲ್ಲ.

ಹಾಳೆಯ ಸ್ವರೂಪವನ್ನು ಮೊದಲು ಹೇಳಬೇಕು. ಒಂದು, ಮೂರು ಮತ್ತು ಐದನೆಯ ಪ್ರಶ್ನೆಗಳಲ್ಲಿ ಹತ್ತು ಮನೆಗಳ ಚೌಕಟ್ಟು ಇದೆ. ಮೇಲೆ ಐದು ಮನೆ, ಕೆಳಗೆ ಐದು ಮನೆ. ಕೆಲವು ಮನೆಗಳಲ್ಲಿ ಮಾವಿನಕಾಯಿಯ ಚಿತ್ರ, ಉಳಿದವು ಖಾಲಿ. ಎರಡು, ನಾಲ್ಕು ಮತ್ತು ಆರನೆಯವುಗಳಲ್ಲಿ ಚೌಕಟ್ಟಿಲ್ಲ, ಬರಿಯ ಚಿತ್ರಗಳಿವೆ. ಎಷ್ಟಿವೆ, ಹತ್ತಾಗಲು ಇನ್ನೆಷ್ಟು ಬೇಕು ಎಂದು ಎರಡು ವೃತ್ತಗಳಲ್ಲಿ ಬರೆಯಬೇಕು. ಮಗು ಬರೆದ ಉತ್ತರಗಳು ಹೀಗಿವೆ:

ಮೊದಲನೆಯದು, ಐದು ಕಾಯಿ: 5 ಮತ್ತು 5. ಸರಿಯ ಗುರುತು ಬಿದ್ದಿರುವುದು ಇದೊಂದಕ್ಕೇ.
ಎರಡನೆಯದು, ಸಾಲಾಗಿ ಎಂಟು ದೀಪ: 8 ಮತ್ತು 3.
ಮೂರನೆಯದು, ಎರಡು ಕಾಯಿ: 5ರಂತೆ ಕಾಣುವ ಒಂದು ಅಂಕಿ ಮತ್ತು 8.
ನಾಲ್ಕನೆಯದು, ದುಂಡಗೆ ಜೋಡಿಸಿದ ಆರು ಹೂ: 7 ಮತ್ತು 4.
ಐದನೆಯದು, ನಾಲ್ಕು ಕಾಯಿ: 6 ಮತ್ತು 4.
ಆರನೆಯದು, ಸಾಲಾಗಿ ಒಂಬತ್ತು ದೀಪ: 9 ಮತ್ತು 2.

ತಪ್ಪು ಐದೆಂದು ಎಣಿಸುವವನಿಗೆ ಇದು ದಡ್ಡತನದ ಹಾಳೆ. ಉತ್ತರಗಳನ್ನು ಬಿಡಿಬಿಡಿಯಾಗಿ ಓದುವವನಿಗೆ ಇದರ ಕಥೆ ಬೇರೆ.

ಚೌಕಟ್ಟಿಲ್ಲದ ಮೂರು ಉತ್ತರಗಳನ್ನು ಒಟ್ಟಿಗೆ ಇಟ್ಟುಕೊಳ್ಳೋಣ. ಎಂಟು ಮತ್ತು ಮೂರು ಕೂಡಿದರೆ ಹನ್ನೊಂದು. ಏಳು ಮತ್ತು ನಾಲ್ಕು ಕೂಡಿದರೂ ಹನ್ನೊಂದು. ಒಂಬತ್ತು ಮತ್ತು ಎರಡು, ಅದೂ ಹನ್ನೊಂದು. ತೋಚಿದ್ದನ್ನು ಗೀಚುವ ಮಗುವಿನ ಉತ್ತರಗಳು ಒಮ್ಮೆ ಎಂಟಾಗುತ್ತಿದ್ದವು, ಒಮ್ಮೆ ಹದಿನಾಲ್ಕಾಗುತ್ತಿದ್ದವು. ಮೂರು ಸಲವೂ ತಪ್ಪದೆ ಹನ್ನೊಂದೇ ಬರಬೇಕಾದರೆ ಅದರ ಹಿಂದೆ ಒಂದು ಕ್ರಮವಿರಲೇಬೇಕು. ಆ ಕ್ರಮ ಇದು: ಎಂಟಾಯಿತು, ಹತ್ತಕ್ಕೆ ಇನ್ನೆಷ್ಟು ಎಂದಾಗ ಮಗು ಬೆರಳನ್ನು ಮಡಿಸುತ್ತ ‘ಎಂಟು, ಒಂಬತ್ತು, ಹತ್ತು’ ಎಂದು ಎಣಿಸಿದೆ. ಮಡಿಸಿದ ಬೆರಳು ಮೂರು. ಎಂಟೆಂಬುದು ಆಗಲೇ ಆಗಿಹೋದದ್ದು, ಅದಕ್ಕೆ ಬೆರಳು ಮಡಿಸಬಾರದು ಎಂಬುದೊಂದೇ ಅದಕ್ಕೆ ಹೊಳೆದಿಲ್ಲ. ಒಂಬತ್ತರಲ್ಲಿಯೂ ಹಾಗೆಯೇ, ‘ಒಂಬತ್ತು, ಹತ್ತು’ ಎಂದು ಎರಡು ಬೆರಳು. ಮುಂದುವರಿಸಿ ಎಣಿಸುವುದನ್ನು ಆಗತಾನೇ ಕಲಿತ ಮಕ್ಕಳಲ್ಲಿ ಇದು ತೀರ ಸಾಮಾನ್ಯವಾದ ಎಡವು. ನಮ್ಮ ಅನುಭವದಲ್ಲಿ ಚೌಕಾಬಾರ ಆಡಲು ಕುಳಿತ ಮಕ್ಕಳೂ ಮೊದಮೊದಲು ಹೀಗೆಯೇ ಮಾಡುತ್ತವೆ. ಮೂರು ಬಿದ್ದರೆ, ಕಾಯಿ ನಿಂತಿರುವ ಮನೆಯನ್ನೇ ‘ಒಂದು’ ಎಂದು ಮುಟ್ಟಿ ಎರಡೇ ಮನೆ ನಡೆಸುತ್ತವೆ. ನಿಂತ ಮನೆ ಲೆಕ್ಕಕ್ಕಿಲ್ಲವೆಂದು ಅಜ್ಜಿ ಗದರಿಸಿದ ಮೇಲೆ ಸರಿಯಾಗುತ್ತವೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎಣಿಸುವುದನ್ನೇ ಅರಿಯದ ಮಗು ಎಂಟರಿಂದ ಮುಂದುವರಿಸಲಾರದು. ಅದು ಮತ್ತೆ ಒಂದರಿಂದಲೇ ತೊಡಗುತ್ತದೆ. ಎಂಟನ್ನು ಹಿಡಿದುಕೊಂಡು ಮುಂದಕ್ಕೆ ಹೊರಡುವುದು ಒಂದು ಮೆಟ್ಟಿಲು ಮೇಲಿನ ವಿದ್ಯೆ. ಅಡ್ಡಗೆರೆ ಬಿದ್ದ ಈ ಉತ್ತರಗಳು ಮಗು ಆ ಮೆಟ್ಟಿಲಿಗೆ ಕಾಲಿಟ್ಟಿರುವುದನ್ನು ತೋರಿಸುತ್ತವೆ.

ನಾಲ್ಕನೆಯ ಉತ್ತರದಲ್ಲಿ ಒಂದು ಸೂಕ್ಷ್ಮವುಂಟು. ಚಿತ್ರದಲ್ಲಿದ್ದುದು ಆರು ಹೂ, ಬರೆದದ್ದು 7 ಮತ್ತು 4. ಆರಕ್ಕೆ ಜೋಡಿ ನಾಲ್ಕೇ ಅಲ್ಲವೇ, ಅರ್ಧವಾದರೂ ಸರಿ ಬರೆದಿದೆ ಎಂದು ತಾಯಿ ಪತ್ರದಲ್ಲಿ ಸಮಾಧಾನ ಪಟ್ಟಿದ್ದಾರೆ. ಆ ನಾಲ್ಕು ಸರಿಯಾದದ್ದಲ್ಲ ತಾಯಿ. ಮಗು ಆರನ್ನು ಏಳೆಂದು ಎಣಿಸಿದೆ, ಆಮೇಲೆ ತನ್ನ ರೂಢಿಯಂತೆ ‘ಏಳು, ಎಂಟು, ಒಂಬತ್ತು, ಹತ್ತು’ ಎಂದು ನಾಲ್ಕು ಬೆರಳು ಮಡಿಸಿದೆ. ಎರಡು ತಪ್ಪುಗಳು ಒಂದನ್ನೊಂದು ಕಡಿದುಕೊಂಡು ಸರಿಯ ವೇಷ ತೊಟ್ಟಿವೆ. ಉತ್ತರವನ್ನು ಚಿತ್ರದೊಡನೆ ಹೋಲಿಸಿದರೆ ಸಾಲದು, ಮಗು ತಾನು ಬರೆದ ಮೊದಲ ಸಂಖ್ಯೆಯೊಡನೆಯೂ ಹೋಲಿಸಬೇಕೆಂಬುದು ಇಂಥ ಕಡೆ ಗೊತ್ತಾಗುತ್ತದೆ.

ಆರು ಏಳಾದದ್ದು ಹೇಗೆ? ಹೂಗಳು ದುಂಡಗೆ ನಿಂತಿವೆ. ಸುತ್ತು ಬಂದ ಮಗುವಿಗೆ ಎಲ್ಲಿಂದ ಹೊರಟೆನೆಂಬುದು ಮರೆತು, ಮೊದಲ ಹೂವನ್ನು ಮತ್ತೊಮ್ಮೆ ಮುಟ್ಟಿದೆ. ಜಪಮಾಲೆಯಲ್ಲಿ ಮೇರುಮಣಿಯನ್ನು ಇಟ್ಟಿರುವುದು ಸುತ್ತು ಎಲ್ಲಿ ಮುಗಿಯಿತೆಂದು ಬೆರಳಿಗೆ ತಿಳಿಯಲೆಂದೇ. ದೊಡ್ಡವರಿಗೇ ಆ ಗುರುತು ಬೇಕಾದರೆ ಐದು ವರ್ಷದ ಕೂಸಿಗೆ ಬೇಡವೇ? ದುಂಡಗಿನ ಚಿತ್ರಗಳನ್ನು ಎಣಿಸುವಾಗ ಮೊದಲನೆಯದರ ಮೇಲೆ ಸೀಸದಕಡ್ಡಿಯಿಂದ ಒಂದು ಚುಕ್ಕೆ ಇಡಲು ಕಲಿಸಿದರೆ ಈ ದೋಷ ನಿಲ್ಲುತ್ತದೆ. ಚೆಲ್ಲಾಪಿಲ್ಲಿಯಾದ ಚಿತ್ರಗಳಾದರೆ ಎಣಿಸಿದ್ದನ್ನು ಎಣಿಸಿದಂತೆ ಒಂದೊಂದು ಗೀಟು ಹಾಕಬೇಕು.

ಎಣಿಕೆ ಒಂದು ಹೆಚ್ಚಾದರೆ ಯಾವುದನ್ನೋ ಎರಡು ಸಲ ಮುಟ್ಟಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು. ಒಂದು ಕಡಿಮೆಯಾದರೆ ಯಾವುದನ್ನೋ ದಾಟಿ ಹೋಗಿರಬೇಕು. ಇಲ್ಲವೇ ಒಂದೇ ಮಾತನ್ನು ಎರಡು ವಸ್ತುಗಳ ಮೇಲೆ ಎಳೆದಿರಬೇಕು. ಕನ್ನಡದಲ್ಲಿ ಈ ಎರಡನೆಯದಕ್ಕೆ ಗೊತ್ತಾದ ಸ್ಥಳಗಳಿವೆ. ಒಂದರಿಂದ ಹತ್ತರವರೆಗಿನ ಹೆಸರುಗಳಲ್ಲಿ ಎಂಟು ಹೆಸರುಗಳು ಎರಡಕ್ಷರದವು. ‘ಎರಡು’ ಮತ್ತು ‘ಒಂಬತ್ತು’ ಮಾತ್ರ ಮೂರಕ್ಷರದವು. ಬೆರಳು ಮಾತಿಗಿಂತ ಮುಂದೋಡುವ ಮಗು ‘ಒಂಬ’ ಎನ್ನುತ್ತ ಒಂದನ್ನೂ ‘ತ್ತು’ ಎನ್ನುತ್ತ ಮತ್ತೊಂದನ್ನೂ ಮುಟ್ಟಿಬಿಡುತ್ತದೆ. ಮಗ್ಗುಲಲ್ಲಿ ಕುಳಿತು ಬೆರಳನ್ನು ನೋಡಿದವರಿಗಷ್ಟೇ ಇದು ಕಾಣುತ್ತದೆ. ಹಾಳೆಯಲ್ಲಿ ಇದರ ಕುರುಹು ಉಳಿಯುವುದಿಲ್ಲ. ಒಂದು ವಸ್ತುವಿಗೆ ಒಂದೇ ಹೆಸರು, ಹೆಸರುಗಳಿಗೆ ತಪ್ಪದ ಸರದಿ, ಕೊನೆಯಲ್ಲಿ ನುಡಿದ ಹೆಸರೇ ಒಟ್ಟು ಮೊತ್ತ ಎಂಬ ಸೂತ್ರಗಳನ್ನು ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು 1978ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕೊನೆಯದನ್ನು ಪರೀಕ್ಷಿಸುವುದು ಸುಲಭ. ಮಗು ಎಣಿಸಿ ಮುಗಿಸಿದೊಡನೆ ‘ಹಾಗಾದರೆ ಎಷ್ಟಿವೆ?’ ಎಂದು ಕೇಳಿರಿ. ‘ಆರು’ ಎಂದರೆ ಸರಿ. ಮತ್ತೆ ಒಂದರಿಂದ ಎಣಿಸತೊಡಗಿದರೆ ಎಣಿಕೆ ಇನ್ನೂ ಬಾಯಿಪಾಠದ ಹಂತದಲ್ಲಿದೆ ಎಂದರ್ಥ. ಅಂಥ ಮಗುವಿಗೆ ಜೋಡಿಯ ಹಾಳೆ ಕೊಡುವ ಕಾಲ ಇನ್ನೂ ಬಂದಿಲ್ಲ.

ಇನ್ನು ಮೂರನೆಯ ಪ್ರಶ್ನೆ. ಚೌಕಟ್ಟಿನಲ್ಲಿ ಎರಡು ಕಾಯಿ, ಎಂಟು ಖಾಲಿ ಮನೆ. ಮಗು ಬರೆದದ್ದು 5 ಮತ್ತು 8 ಎಂದು ಓದಿ ಅಡ್ಡಗೆರೆ ಎಳೆದಿದ್ದಾರೆ. ನಾವು ಆ ಅಂಕಿಯನ್ನು ಮೊದಲ ಪ್ರಶ್ನೆಯ 5ರೊಡನೆ ಹೋಲಿಸಿ ನೋಡಿದೆವು. ಅಲ್ಲಿ ಮಗು ಎರಡು ಸಲ 5 ಬರೆದಿದೆ. ಎರಡರಲ್ಲೂ ತಲೆಯ ಗೆರೆಯನ್ನು ಬೇರೆಯಾಗಿ, ಟೋಪಿಯಂತೆ ಎಳೆದಿದೆ. ಮೂರನೆಯದರ ಅಂಕಿಗೆ ಟೋಪಿಯೇ ಇಲ್ಲ. ಮೇಲಿನ ಬಾಗು ಒಂದೇ ಎಳೆತದಲ್ಲಿ ದುಂಡಗೆ ಇಳಿದು, ಕೆಳಗೆ ಎಡಕ್ಕೆ ನೆಟ್ಟಗೆ ಹರಿದಿದೆ. ಅದು ಐದಲ್ಲ, ಕನ್ನಡಿಯಲ್ಲಿ ಕಂಡ 2. ಎರಡನ್ನು ಎಡಬಲ ತಿರುಗಿಸಿ ಬರೆದರೆ ಐದರಂತೆಯೂ, ಐದನ್ನು ತಿರುಗಿಸಿದರೆ ಎರಡರಂತೆಯೂ ತೋರುವುದು ಈ ಅಂಕಿಗಳ ಗುಣ. ಎಂದಮೇಲೆ ಮಗು ಹೇಳಿದ್ದು ‘ಎರಡು ಮತ್ತು ಎಂಟು’. ಲೆಕ್ಕ ಪೂರ್ತಿ ಸರಿ.

ಐದಾರು ವರ್ಷದ ಮಕ್ಕಳು ಅಂಕಿಗಳನ್ನು ತಿರುಗಿಸಿ ಬರೆಯುವುದು ಸಹಜ. 2, 3, 7, 9 ಹೀಗೆ ಎಡಕ್ಕೆ ಮುಖಮಾಡಿದ ಅಂಕಿಗಳು ಹೆಚ್ಚಾಗಿ ತಿರುಗುತ್ತವೆ. ಹತ್ತನ್ನು 01 ಎಂದು ಬರೆಯುವುದೂ ಉಂಟು. ಕನ್ನಡ ಅಂಕಿಗಳನ್ನೂ ಜೊತೆಯಲ್ಲೇ ಕಲಿಯುವ ಮಕ್ಕಳಿಗೆ ೬ ಮತ್ತು ೯ ಒಂದನ್ನೊಂದು ಹೋಲುವ ತೊಡಕು ಬೇರೆ. ಕೈ ತಪ್ಪಿತೋ ಲೆಕ್ಕ ತಪ್ಪಿತೋ ಎಂದು ಸಂಶಯ ಬಂದರೆ ಕಾಗದವನ್ನು ಪಕ್ಕಕ್ಕಿಟ್ಟು, ‘ನೀನು ಬರೆದಷ್ಟು ಹುಣಸೆಬೀಜ ಎತ್ತಿ ಕೊಡು’ ಎಂದು ಕೇಳಬೇಕು. ಎರಡು ಬೀಜ ಕೊಟ್ಟರೆ ಲೆಕ್ಕ ಸರಿಯಿದೆ, ಕೈ ಮಾತ್ರ ತಿರುಗಿದೆ. ಕೈಯ ತಿದ್ದುಪಡಿಯನ್ನು ಲೆಕ್ಕದ ಹೊತ್ತಿನಲ್ಲಿ ಮಾಡಬಾರದು. ಮಠದ ಪಾಠಶಾಲೆಯಲ್ಲಿ ನಾವು ಅಂಕಿಗಳನ್ನು ಮರಳಿನ ಮೇಲೆ ತಿದ್ದಿದವರು. ತಟ್ಟೆಯಲ್ಲಿ ಮರಳೋ ರಾಗಿಯೋ ಹರಡಿ, ಎಲ್ಲಿಂದ ಹೊರಟು ಎತ್ತ ತಿರುಗಬೇಕೆಂದು ಬೆರಳಿನಿಂದ ದಿನಕ್ಕೆ ಒಂದೇ ಅಂಕಿಯನ್ನು ತಿದ್ದಿಸಿದರೆ ಸಾಕು. ಏಳೆಂಟು ವರ್ಷ ತುಂಬಿದ ಮೇಲೂ ತಿರುವು ಬಿಡದೆ, ಓದುವುದರಲ್ಲಿಯೂ ತೊಡಕು ಕಂಡರೆ ಆಗ ಬಲ್ಲವರಿಗೆ ತೋರಿಸಬೇಕು.

ಐದನೆಯದನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ನಾಲ್ಕು ಕಾಯಿ, ಆರು ಖಾಲಿ ಮನೆ. ಮಗು 6 ಮತ್ತು 4 ಎಂದು ಬರೆದಿದೆ. ಖಾಲಿ ಮನೆಗಳನ್ನು ಮೊದಲು ಎಣಿಸಿದೆ, ಅಷ್ಟೆ. ಜೋಡಿ ಅದೇ ಜೋಡಿ. ಯಾವ ವೃತ್ತ ಯಾವುದಕ್ಕೆಂದು ಹಾಳೆಯಲ್ಲಿ ಗುರುತೇ ಇಲ್ಲ. ವೃತ್ತದ ಬಳಿ ಒಂದು ಪುಟ್ಟ ಮಾವಿನಕಾಯಿಯನ್ನೂ ಇನ್ನೊಂದರ ಬಳಿ ಒಂದು ಖಾಲಿ ಮನೆಯನ್ನೂ ಬರೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇದಕ್ಕೆ ಅಡ್ಡಗೆರೆ ಎಳೆದದ್ದು ನಮ್ಮ ದೃಷ್ಟಿಯಲ್ಲಿ ಅನ್ಯಾಯ.

ಹೀಗೆ ನೋಡಿದರೆ ಚೌಕಟ್ಟಿದ್ದ ಮೂರೂ ಪ್ರಶ್ನೆಗಳಲ್ಲಿ ಮಗುವಿನ ಲೆಕ್ಕ ಸರಿ. ಅಲ್ಲಿ ಖಾಲಿ ಮನೆಗಳು ಕಣ್ಣಿಗೆ ಕಾಣುತ್ತವೆ, ಅವನ್ನು ಎಣಿಸಿದರೆ ಉತ್ತರ ದೊರೆಯುತ್ತದೆ. ಚೌಕಟ್ಟಿಲ್ಲದ ಮೂರರಲ್ಲಿ ಒಂದೇ ರೂಢಿಯ ದೋಷ ಮೂರು ಸಲ ಮರುಕಳಿಸಿದೆ. ಅವುಗಳಲ್ಲಿ ಒಂದರಲ್ಲಿ ಹೂವಿನ ಎಣಿಕೆಯೂ ಜಾರಿದೆ. ಒಂದು ವರ್ಷ ಹಿಂದೆ ಕೂರಿಸುವುದಕ್ಕೆ ಈ ಹಾಳೆ ಆಧಾರವಾಗಲಾರದು. ಮಗುವಿನ ಅಜ್ಜನವರಿಗೆ ನಮ್ಮ ಶರಣಾರ್ಥಿಗಳೊಡನೆ ಇದನ್ನು ಓದಿ ಹೇಳಿರಿ. ಆದರೆ ಒಂದೇ ಹಾಳೆಯಿಂದ ಎಲ್ಲವನ್ನೂ ತೀರ್ಮಾನಿಸಲೂ ಬಾರದು. ನಾವು ಹೇಳಿದ ಬೆರಳಿನ ರೂಢಿ ನಿಜವೇ ಎಂದು ತಾಯಿಯೇ ಎದುರು ಕುಳಿತು ನೋಡಬೇಕು. ‘ಎಂಟಿದೆ, ಹತ್ತಕ್ಕೆ ಇನ್ನೆಷ್ಟು? ಗಟ್ಟಿಯಾಗಿ ಎಣಿಸು’ ಎಂದರೆ ಮೊದಲ ಬೆರಳು ಯಾವ ಮಾತಿಗೆ ಮಡಿಯುತ್ತದೆಂಬುದು ಕಂಡುಬರುತ್ತದೆ.

ತಿದ್ದುವ ಬಗೆ ಹೀಗೆ. ಹತ್ತು ಹುಣಸೆಬೀಜ ಎಣಿಸಿಕೊಳ್ಳಿರಿ. ಎಂಟನ್ನು ಮಗುವಿನ ಎಡಗೈಯಲ್ಲಿ ಇಟ್ಟು ಮುಷ್ಟಿ ಕಟ್ಟಿಸಿ, ‘ಎಂಟು’ ಎನ್ನುತ್ತ ಆ ಮುಷ್ಟಿಯನ್ನು ಎದೆಗೆ ಒತ್ತಿಸಿರಿ. ಎಂಟೆಂಬ ಮಾತು ಮುಷ್ಟಿಗೆ ಸಂದಾಯವಾಯಿತು, ಅದಕ್ಕೆ ಇನ್ನು ಬೆರಳಿಲ್ಲ. ಆಮೇಲೆ ‘ಒಂಬತ್ತು’ ಎನ್ನುವಾಗ ಒಂದು ಬೀಜ, ‘ಹತ್ತು’ ಎನ್ನುವಾಗ ಇನ್ನೊಂದು ಬೀಜವನ್ನು ಬಲಗೈಗೆ ತೆಗೆದುಕೊಳ್ಳಲಿ. ಬಲಗೈಯಲ್ಲಿ ಎಷ್ಟಿವೆ? ಎರಡು. ಆಗ ಹಾಳೆಯ 8 ಮತ್ತು 3ನ್ನು ತೋರಿಸಿ, ಅಷ್ಟೇ ಬೀಜಗಳನ್ನು ಇಟ್ಟು ಎಲ್ಲವನ್ನೂ ಕೂಡಿಸಿ ಎಣಿಸು ಎನ್ನಿರಿ. ಹತ್ತೇ ಬೀಜಗಳಿರುವಾಗ ಮೂರನೆಯದಕ್ಕೆ ಕೈ ಹಾಕಿದರೆ ಬೀಜವೇ ಸಿಗುವುದಿಲ್ಲ. ತಪ್ಪೆಂದು ನಾವು ಹೇಳುವುದಕ್ಕಿಂತ ಮುಂಚೆಯೇ ಮಗುವಿಗೆ ಗೊತ್ತಾಗುತ್ತದೆ. ದಿನಕ್ಕೆ ಎರಡು ಮೂರು ಜೋಡಿಗಳಿಗೆ ಮೇಲೆ ಮಾಡಿಸಬಾರದು. ಸಂಜೆ ಚೌಕಾಬಾರದ ಮಣೆಯನ್ನೂ ಹೊರಗೆ ತೆಗೆಯಿರಿ.

ಮನೆಯಲ್ಲಿ ಹೊಸ ಹಾಳೆ ಬರೆಯುವವರಿಗೆ ಒಂದೆರಡು ಎಚ್ಚರಿಕೆ. ಒಂದು, ಎರಡು, ಮೂರು ಎಂದು ಸರದಿಯಾಗಿ ಪ್ರಶ್ನೆ ಇಡಬಾರದು. ಜಾಣ ಮಗು ಎರಡನೆಯ ವೃತ್ತದಲ್ಲಿ ಒಂಬತ್ತು, ಎಂಟು, ಏಳು ಎಂದು ಮೇಲಿನಿಂದ ಕೆಳಕ್ಕೆ ಬರೆದುಕೊಂಡು ಹೋಗುತ್ತದೆ. ಚಿತ್ರವನ್ನು ನೋಡುವುದೇ ಇಲ್ಲ, ಎಲ್ಲ ಉತ್ತರಗಳೂ ಸರಿಯಿರುತ್ತವೆ. ಎಣಿಸುವ ಚಿತ್ರ ಒಂದೆಂದರೆ ಒಂದೇ ಆಗಿರಬೇಕು. ನಮ್ಮ ಪರಿಚಿತ ಶಿಕ್ಷಕಿಯೊಬ್ಬರು ಭಕ್ತಿಯಿಂದ ಬಿಲ್ವಪತ್ರೆಯ ಚಿತ್ರ ಹಾಕಿದ್ದರು. ಮಕ್ಕಳು ಒಂದು ಪತ್ರೆಗೆ ಮೂರು ದಳ ಎಣಿಸಿದರು! ಮಕ್ಕಳದೇ ಸರಿಯೆಂದು ನಾವು ತೀರ್ಪು ಕೊಡಬೇಕಾಯಿತು. ಬಾಳೆಯ ಗೊನೆ, ದ್ರಾಕ್ಷಿಯ ಗೊಂಚಲುಗಳಿಗೂ ಇದೇ ಗತಿ. ಸೊನ್ನೆ–ಹತ್ತರ ಜೋಡಿಯನ್ನು ಕೊನೆಗೆ ಇಟ್ಟುಕೊಳ್ಳಿರಿ. ಖಾಲಿ ಚೌಕಟ್ಟನ್ನು ಕಂಡ ಮಗು ‘ಏನೂ ಇಲ್ಲ’ ಎಂದು ಹೇಳಿ ವೃತ್ತವನ್ನೂ ಖಾಲಿಯೇ ಬಿಡುತ್ತದೆ. ಇಲ್ಲವೆಂಬುದಕ್ಕೂ ಒಂದು ಗುರುತು ಬರೆಯಬೇಕೆಂಬುದು ಅದಕ್ಕೆ ವಿಚಿತ್ರವೆನಿಸುವುದು ಸಹಜವೇ. ಶೂನ್ಯಸಂಪಾದನೆಯ ನಾಡಿನವರಾದ ನಾವು ಅದಕ್ಕಾಗಿ ಮಗುವನ್ನು ಗದರಿಸಬೇಕಾಗಿಲ್ಲ.

ಹದಿನೈದು ದಿನಗಳ ತರುವಾಯ ಚೌಕಟ್ಟಿಲ್ಲದ ಆರು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟು ನೋಡಿರಿ ತಾಯಿ. ಏಳು, ಮೂರು, ಒಂಬತ್ತು, ಐದು, ಎಂಟು, ಆರು ಎಂಬ ಸರದಿಯಲ್ಲಿ ಇರಲಿ. ಪ್ರತಿಯೊಂದು ಉತ್ತರದ ಪಕ್ಕದಲ್ಲಿ ಎರಡನ್ನೂ ಕೂಡಿ ಬಂದ ಮೊತ್ತವನ್ನು ನೀವೇ ಸಣ್ಣದಾಗಿ ಬರೆದುಕೊಳ್ಳಿರಿ. ಹನ್ನೊಂದುಗಳು ಇನ್ನೂ ಬರುತ್ತಿದ್ದರೆ ಮುಷ್ಟಿಯ ಆಟ ಮುಂದುವರಿಯಲಿ. ಮೊತ್ತ ಹತ್ತಾಗಿದ್ದು ಮೊದಲ ಸಂಖ್ಯೆ ಮಾತ್ರ ಚಿತ್ರಕ್ಕೆ ಹೊಂದದಿದ್ದರೆ ಜೋಡಿ ಬಂದಿದೆ, ಎಣಿಕೆಯನ್ನಷ್ಟೇ ತಿದ್ದಬೇಕು. ಐದಕ್ಕೆ ಐದು ಬಂದಿತೆಂದು ಹಿಗ್ಗಬೇಡಿರಿ, ಅದು ಎರಡು ಕೈಗಳನ್ನು ನೋಡಿ ಎಲ್ಲ ಮಕ್ಕಳೂ ಹೇಳುವಂಥದು. ಏಳಕ್ಕೆ ಮೂರು, ಆರಕ್ಕೆ ನಾಲ್ಕು ಬಂದಿವೆಯೇ ಎಂಬುದನ್ನು ನೋಡಿ, ಎರಡು ಹಾಳೆಗಳನ್ನೂ ಜೊತೆಗಿಟ್ಟುಕೊಂಡು ಶಾಲೆಗೆ ಹೋಗಿ ಮಾತನಾಡಿರಿ.